ಪಟ್ಟಿಯಲ್ಲಿ ‘ಯೋಗ್ಯ’ ಎಂದು ಬರೆದ ನೀರು

ಬೀದರಿನ ಕಾಲೇಜೊಂದರ ವಿಚಾರ ಸಂಕಿರಣಕ್ಕೆ ನಾನು ಭಾಲ್ಕಿಯಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ. ರಸಾಯನಶಾಸ್ತ್ರ ಕಲಿಸುವವಳು ನಾನು. ಔರಾದ ತಾಲ್ಲೂಕಿನ ಕೆಲವು ಶಾಲೆಗಳ ಬೋರ್‌ವೆಲ್ ನೀರು ಪರೀಕ್ಷಿಸಿ, ಫಲಿತಾಂಶದ ಪಟ್ಟಿಯನ್ನು ಆ ಶಾಲೆಗಳಿಗೂ ಕಳಿಸಿದ್ದೆ, ಅದೇ ನನ್ನ ವಿಷಯ.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಸಭೆ ಕಳೆಗಟ್ಟಲೆಂದು ವಿದ್ಯಾರ್ಥಿಗಳ ಕೈಗೆ ಮೊದಲೇ ಪ್ರಶ್ನೆ ಬರೆದ ಚೀಟಿ ಕೊಡುವ ರೂಢಿ ಅಲ್ಲಿ. ಒಬ್ಬ ಹುಡುಗಿ ಪ್ರಶ್ನೆ ಓದಿ, ಕೆಳಗೆ ಬರೆದಿದ್ದ ಉತ್ತರವನ್ನೂ ಓದತೊಡಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಹೇಸಿಗೆಯಾಯಿತು.

ಆಗ ಹಿಂದಿನ ಸಾಲಿನಿಂದ ಔರಾದ ಕಡೆಯ ಶಿಕ್ಷಕರೊಬ್ಬರು ಎದ್ದರು.

“ಮೇಡಂ, ನಮ್ಮ ಸಾಲಿ ನೀರು ನಿಮ್ಮ ಪಟ್ಟಿದಾಗ ಯೋಗ್ಯ ಅಂತ ಅದರಿ. ಮಕ್ಕಳು ಹಂಗೇ ಕುಡದ್ರ ನಡಿತದೇನ್ರಿ? ಈಗ ನಾವು ಕಾಸಿ ಕೊಡ್ತೇವ್ರಿ. ಅಡಗಿಯವ್ರು ಬ್ಯಾಸತ್ತಾರ.”

ನಾನು ನೋಡಿದ್ದು ಫ್ಲೋರೈಡ್, ನೈಟ್ರೇಟ್, ಗಡಸುತನ. ರೋಗಾಣು ಪರೀಕ್ಷೆ ಮಾಡಿರಲೇ ಇಲ್ಲ. ಆದರೂ ಪಟ್ಟಿಯ ಕೊನೆಯ ಅಂಕಣದಲ್ಲಿ ‘ಯೋಗ್ಯ’ ಎಂದು ಬರೆದವಳು ನಾನೇ. “ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರೋದಿಲ್ರಿ,” ಎಂದೆ. ಉತ್ತರ ಗೊತ್ತಿಲ್ಲದವರೆಲ್ಲ ಆಡುವ ಮಾತು. ನನ್ನ ಬಾಯಲ್ಲೇ ಅದು ಹಳಸಿದ ಸಾರಿನ ಹಾಗಿತ್ತು.

ಗೋಷ್ಠಿಯ ಅಧ್ಯಕ್ಷರು ಮೈಕ್ ಎಳೆದುಕೊಂಡರು. “ಅರೇ ಸರ್, ಮೇಡಂ ಯೋಗ್ಯ ಅಂತ ಬರದಾರಲ್ಲ? ಬೇಫಿಕರ್ ಕುಡಸ್ರಿ. ಊಟಕ್ಕ ಹೊತ್ತಾಗ್ಯಾದ.”

ಚಪ್ಪಾಳೆ ಬಿತ್ತು. ಶಿಕ್ಷಕರು ಡೈರಿ ತೆಗೆದು ಅದನ್ನೇ ಬರೆದುಕೊಳ್ಳತೊಡಗಿದರು. ಆ ಪೆನ್ನು ಓಡುವುದನ್ನು ನೋಡಿ ಅಧ್ಯಕ್ಷರತ್ತ ಕೈ ಚಾಚಿದೆ. ಮೈಕ್ ಕೇಳಿದರೆ ಕೊಡಲಿಲ್ಲ. ತರಗತಿಯ ದನಿಯಲ್ಲೇ ಕೂಗಿದೆ.

“ಸರ್, ಬರಕೋಬ್ಯಾಡ್ರಿ! ನಾ ರೋಗಾಣು ಪರೀಕ್ಷಾ ಮಾಡಿಲ್ರಿ. ಆ ನೀರು ಕುಡಿಬೌದೋ ಇಲ್ಲೋ ನನಗ ಗೊತ್ತಿಲ್ಲ. ಯೋಗ್ಯ ಅಂತ ಬರದಿದ್ದು ನನ್ನ ತಪ್ಪು. ಕಾಸೋದು ಬಿಡಬ್ಯಾಡ್ರಿ. ಜಿಲ್ಲಾ ಪ್ರಯೋಗಾಲಯದಾಗ ಕ್ರಿಮಿಶುದ್ಧ ಬಾಟಲಿ ಇಸ್ಕೊಂಡು, ನೀರು ತುಂಬಿ ಅದೇ ದಿನ ಮುಟ್ಟಸ್ರಿ.”

“ಇದನ್ನ ಊಟದಾಗ ಮಾತಾಡಿದ್ರ ಆಗ್ತಿರ್ಲಿಲ್ಲೇನ್ರಿ, ಮೇಡಂ? ನಮ್ಮ ಇಜ್ಜತ್ ತೆಗದ್ರಿ,” ಎಂದು ಅಧ್ಯಕ್ಷರು ಗೊಣಗಿ ಇಳಿದುಹೋದರು. ಅವರಿಗೆ ಊಟದ ಬಾದುಶಾ ಮುಗಿದೀತೆಂಬ ಚಿಂತೆ.

ಶಿಕ್ಷಕರು ಬರೆದದ್ದನ್ನು ಹೊಡೆದುಹಾಕಿ ನನ್ನ ಬಳಿ ಬಂದರು. ಥ್ಯಾಂಕ್ಸ್ ಹೇಳುತ್ತಾರೆಂದುಕೊಂಡಿದ್ದೆ.

“ನಿಮ್ಮ ಪಟ್ಟಿ ಉಳಿದ ಸಾಲಿಗೂ ಹೋಗ್ಯಾದಲ್ರಿ, ಮೇಡಂ. ಅವ್ರು ಯಾರೂ ಇವತ್ತ ಬಂದಿಲ್ಲ. ಅವ್ರಿಗಿ ಯಾರ್ ಹೇಳ್ತಾರ?”

ಊಟಕ್ಕೆ ಹೋಗಲಿಲ್ಲ. ಸಭಾಂಗಣದ ಮೆಟ್ಟಿಲ ಮೇಲೆ ಕುಳಿತು, ಪಟ್ಟಿ ತೊಡೆಯ ಮೇಲಿಟ್ಟುಕೊಂಡು, ಮೊದಲ ಶಾಲೆಗೆ ಫೋನ್ ಹಚ್ಚಿದೆ.