ಜಾಲಿ ತುಂಬಿದ ತಲೆ

ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯಲ್ಲಿ ರೌಫ್ ಸಾಹೇಬರ ಫೋಟೋ ಸ್ಟುಡಿಯೋ ಇತ್ತು. ಬೋರ್ಡು ದೊಡ್ಡದು, ಕೋಣೆ ಎರಡೇ. ಮುಂದಿನದರಲ್ಲಿ ಹಂಸದ ಚಿತ್ರ ಬರೆದ ಪರದೆ, ಒಂದು ಕುರ್ಚಿ, ದಾರದಲ್ಲಿ ಬಾಚಣಿಗೆ ಕಟ್ಟಿದ ಕನ್ನಡಿ. ಹಿಂದಿನದು ಕತ್ತಲೆಕೋಣೆ. ಮದುವೆಯ ಫೋಟೋಗೆ ಜನ ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಸ್ಟುಡಿಯೋಗೆ ಹೋಗುತ್ತಿದ್ದರು. ಸತ್ತರೆ ಮಾತ್ರ ರೌಫ್ ಸಾಹೇಬರಿಗೆ ಹೇಳಿಕಳಿಸುತ್ತಿದ್ದರು. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಕುಳ್ಳಿರಿಸಿ, ವಿಭೂತಿ ಬಳಿದು, ಹೂವು ಹಾಕಿ ಸಿಂಗರಿಸುತ್ತಾರಲ್ಲ, ಆಗ ಮನೆಮಂದಿಯೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸಬೇಕು. ಅಳುವವರ ನಡುವೆ ನಿಂತು, ಯಾರಿಗೂ ಗದರದೆ ಸಾಲು ಸರಿಮಾಡುವ ಕಲೆ ರೌಫ್ ಸಾಹೇಬರಿಗೇ ಇತ್ತು. ಹದಡಿಯಿಂದ ನಂದಿಗುಡಿಯವರೆಗೆ ಅವರು ಸೈಕಲ್ ಮೇಲೆ ಕಂಡರೆ ಜನ "ಯಾರು ಹೋದ್ರು?" ಎಂದು ಕೇಳುತ್ತಿದ್ದರು.

ಚೀನಾ ಯುದ್ಧದ ಮರುವರ್ಷ ಅವರಿಗೆ ಒಂದು ಹಟ ಹಿಡಿಯಿತು. ಮೈಸೂರಿನಲ್ಲಿ ಛಾಯಾಚಿತ್ರ ಪ್ರದರ್ಶನವಿದೆ, ಅದಕ್ಕೆ ಒಂದು ಚಿತ್ರ ಕಳಿಸಬೇಕು, ಆ ಚಿತ್ರದಲ್ಲಿ ಹೆಣ ಇರಬಾರದು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಒಂದಾದರೂ ಚಿತ್ರ ಗೋಡೆಯ ಮೇಲೆ ತೂಗಬೇಕು, ಜನ ಅಳದೆ ಅದನ್ನು ನೋಡಬೇಕು. ಇಷ್ಟೇ ಅವರ ಆಸೆ. ಫೋಟೋ ಮೂಡಿಸುವ ಪರದೇಶದ ಕಾಗದ ಬರುವುದು ಆಗ ನಿಂತೇಹೋಗಿತ್ತು. ಪ್ರದರ್ಶನದ ಅಳತೆಗೆ ಒಗ್ಗುವ ದೊಡ್ಡ ಬ್ರೋಮೈಡ್ ಹಾಳೆ ಅವರ ಬಳಿ ಉಳಿದಿದ್ದು ಎರಡೇ. ಅವನ್ನು ಕರಿ ಕಾಗದದಲ್ಲಿ ಸುತ್ತಿ, ಹೆಂಡತಿಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು.

ನಾನು ಆಗ ಹತ್ತಿ ಗಿರಣಿಯ ಸಂಘದ ಕರಪತ್ರ ಅಚ್ಚು ಹಾಕಿಸುವವನು, ಹಂಚುವವನು, ಹಂಚಿದ್ದಕ್ಕೆ ಒದೆ ತಿನ್ನುವವನು. ಇಪ್ಪತ್ತಾರು ವಯಸ್ಸು. ಜಗತ್ತಿನ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು, ಗೊತ್ತಿದ್ದದ್ದು ಕಡಿಮೆ. ರೌಫ್ ಸಾಹೇಬರು ಒಂದು ದಿನ ನನ್ನನ್ನು ಕರೆದು ಪಕ್ಕದಿಂದ ನೋಡಿದರು.

"ಕೆಂಚಣ್ಣ, ನಿನ್ನ ಪಕ್ಕದ ಮುಖ ಬೇಕಾಗೇತಿ."

ನನ್ನ ಪಕ್ಕದ ಮುಖವನ್ನು ಅದುವರೆಗೆ ಕೇಳಿದವರು ಪೊಲೀಸರು ಮಾತ್ರ. ಒಬ್ಬ ಕಲಾವಿದ ಕೇಳಿದಾಗ ನಾನು ಉಬ್ಬಿಹೋದೆ. ಮನುಷ್ಯನ ಕಪ್ಪು ಆಕಾರ, ಅದರ ಒಳಗೆಲ್ಲ ಕಾಡು, ಸುತ್ತ ಬರೀ ಬಿಳಿ: ಅವರ ಮನಸ್ಸಿನಲ್ಲಿದ್ದ ಚಿತ್ರ ಅದು. ಜನನಾಯಕನ ತಲೆಯಲ್ಲಿ ಕಾಡೇ ಬೆಳೆದಿದೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನನ್ನೇ ಆರಿಸಿದ್ದು ಯಾಕೆಂದು ಎಷ್ಟೋ ದಿನದ ಮೇಲೆ ಕೇಳಿದ್ದಕ್ಕೆ, "ಮೂಗು ಉದ್ದ ಐತಿ, ದೂರದಿಂದ್ಲೂ ಮೂಗು ಅಂತ ಗೊತ್ತಾಗ್ತೈತಿ" ಎಂದರು.

ರೌಫ್ ಸಾಹೇಬರು ಹೆಂಡತಿ ರಹಮತ್ ಬೀ ಅವರ ಬಿಳಿ ಚಾದರವನ್ನು ತಂದು ಮಾಳಿಗೆಯ ಮೇಲೆ ಕಟ್ಟಿದರು. ಬೆಳಗಿನ ಸೂರ್ಯ ಚಾದರದ ಹಿಂದೆ, ನಾನು ಮುಂದೆ. ಚಾದರ ಉರಿಯುವಂತೆ ಬೆಳಗುತ್ತಿತ್ತು. ಆ ಬೆಳಕಿಗೆ ಹೊಂದಿಸಿ ಕ್ಯಾಮೆರಾ ಒತ್ತಿದರೆ ನಾನು ಬರೀ ಕಪ್ಪು ಆಕಾರ.

"ಅಲ್ಲಾಡಬ್ಯಾಡ ಮಾರಾಯ. ನನ್ನ ಗಿರಾಕಿಗಳು ಹಿಂಗೆಲ್ಲ ಕಾಡಂಗಿಲ್ಲ."

"ಸತ್ತೋರು ಹೆಂಗ ಅಲ್ಲಾಡ್ತಾರ್ರೀ?"

"ಅದಕ್ಕಾ ಅವ್ರು ಚೊಲೋರು."

ಈಗ ಫಿಲ್ಮ್ ಮುಂದೆ ಸರಿಸಬಾರದು. ಅದೇ ಜಾಗದ ಮೇಲೆ ಕಾಡನ್ನು ಇನ್ನೊಮ್ಮೆ ತೆಗೆಯಬೇಕು. ಚಾದರದ ಬೆಳಕು ಬಿದ್ದ ಜಾಗ ಆಗಲೇ ತುಂಬಿಹೋಗಿದೆ, ಅಲ್ಲಿ ಇನ್ನೇನೂ ಮೂಡುವುದಿಲ್ಲ. ನನ್ನ ಆಕಾರದ ಜಾಗ ಮಾತ್ರ ಖಾಲಿ, ಕಾಡು ಅಲ್ಲೇ ಕೂರುತ್ತದೆ. ಲೆಕ್ಕ ಚೊಕ್ಕವಾಗಿತ್ತು. ಆದರೆ ದಾವಣಗೆರೆಯಲ್ಲಿ ಕಾಡು ಎಲ್ಲಿಂದ ತರುವುದು? ಗಿರಣಿಯ ಚಿಮಣಿಗಳಿದ್ದವು, ಕಾಡಿರಲಿಲ್ಲ. ಹರಿಹರದ ಹೊಳೆದಂಡೆಯಲ್ಲಿ ಜಾಲಿಗಿಡ ಒತ್ತಾಗಿ ಬೆಳೆದಿದೆ ಎಂದು ಬಸ್ಸು ಹತ್ತಿದೆವು. ರೌಫ್ ಸಾಹೇಬರು ಫಿಲ್ಮ್ ತಿರುಗಿಸುವ ಗುಂಡಿಗೆ ಕರವಸ್ತ್ರ ಕಟ್ಟಿ, ಕ್ಯಾಮೆರಾವನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕೂತರು. ಜಾಲಿಯ ಮುಂದೆ ನಿಂತು ಒತ್ತಿ, ಅದೇ ಬಸ್ಸಿಗೆ ವಾಪಸ್ಸು.

ಫಿಲ್ಮ್ ತೊಳೆದು, ಸಣ್ಣ ಕಾಗದದ ಮೇಲೆ ಮೂಡಿಸಿ ನೋಡಿದರೆ ನನಗೆ ತಲೆ ಇಲ್ಲ. ಕತ್ತಿನವರೆಗೆ ಜಾಲಿ ಇದೆ, ಮೂಗಿನ ತುದಿ ಇದೆ, ಅದರ ಮೇಲೆ ಎಲ್ಲ ಬಿಳಿ. ಗಿಡಗಳ ಮೇಲಿನ ಆಕಾಶ ಸರಿಯಾಗಿ ನನ್ನ ತಲೆಯ ಜಾಗಕ್ಕೇ ಬಿದ್ದಿತ್ತು. ಬೆಳಕಿನ ಆಕಾಶ ಬಿಳಿ ಚಾದರದ ಜತೆ ಸೇರಿ ಬುರುಡೆಯನ್ನು ನುಂಗಿಹಾಕಿತ್ತು.

ರಹಮತ್ ಬೀ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು, "ಸರಿಯಾಗೇ ಬಂದೈತಲ್ಲ ಕೆಂಚಣ್ಣ. ಇದ್ದಂಗೆ ಬಂದೈತಿ" ಎಂದರು.

ರೌಫ್ ಸಾಹೇಬರು ನಗಲಿಲ್ಲ. ಚಿತ್ರ ಮೈಸೂರು ಮುಟ್ಟಲು ಉಳಿದಿದ್ದು ಒಂಬತ್ತು ದಿನ. ಇನ್ನು ಎರಡನ್ನೂ ಬೇರೆ ಬೇರೆ ತೆಗೆದು ಕತ್ತಲೆಕೋಣೆಯಲ್ಲಿ ಕೂಡಿಸುವುದೆಂದು ತೀರ್ಮಾನಿಸಿದರು. ನನ್ನನ್ನು ಮತ್ತೆ ಚಾದರದ ಮುಂದೆ ನಿಲ್ಲಿಸಿದರು. ಮತ್ತೆ ಹರಿಹರಕ್ಕೆ ಹೋಗಿ, ಈ ಸಲ ಹಳೆಯ ಸೇತುವೆಯ ಮೇಲೆ ನಿಂತು ಕೆಳಗಿನ ಜಾಲಿಯ ನೆತ್ತಿಯನ್ನು ತೆಗೆದರು. ಮೇಲಿನಿಂದ ಕೆಳಗೆ ನೋಡಿದರೆ ಆಕಾಶದ ಕಾಟವೇ ಇಲ್ಲ, ಚೌಕಟ್ಟಿನ ತುಂಬ ಸಣ್ಣೆಲೆ, ಕೊಂಬೆ, ಬೆಳ್ಳನೆಯ ಮುಳ್ಳು. ಸೇತುವೆಯ ಮೇಲೆ ಹೋಗುತ್ತಿದ್ದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಸಾಬ್ರ, ಹೊಳಿಗೆ ಯಾರಾದ್ರು ಬಿದ್ದಾರೇನ್ರಿ?" ಎಂದು ಕೇಳಿದ.

ಇಲ್ಲಿಂದ ಮುಂದಿನದು ನನ್ನ ಸಾಧನೆ.

ಪ್ರೆಸ್ಸಿನಲ್ಲಿ ಎರಡು ಬಣ್ಣದ ಕರಪತ್ರ ಹೇಗೆ ಆಗುತ್ತದೆಂದು ನನಗೆ ಗೊತ್ತಿತ್ತು. ಮೊದಲು ಕೆಂಪು ಹೊಡೆಯಬೇಕು, ಅದೇ ಹಾಳೆಯನ್ನು ಮತ್ತೆ ಹಾಕಿ ಕಪ್ಪು ಹೊಡೆಯಬೇಕು. ಇದೂ ಹಾಗೇ, ಒಂದೇ ಹಾಳೆಯ ಮೇಲೆ ಮೊದಲು ನನ್ನ ಆಕಾರದ ನೆಗೆಟಿವ್‌ನಿಂದ ಬೆಳಕು ಬಿಡಿ, ಆಮೇಲೆ ಜಾಲಿಯದರಿಂದ ಬಿಡಿ ಎಂದೆ. ರೌಫ್ ಸಾಹೇಬರು ಗಡ್ಡ ಕೆರೆದರು.

"ಏನೋ ಸರಿ ಅನ್ನಿಸವಲ್ದು. ಸಣ್ಣ ಕಾಗದದ ಚೂರಿನ ಮ್ಯಾಲೆ ಮೊದ್ಲು ನೋಡೋಣು."

"ಚೂರು ಯಾಕ್ರೀ? ಕ್ರಾಂತಿ ಮಾಡೋರು ಮೊದ್ಲು ಸಣ್ಣದೊಂದು ಮಾಡಿ ನೋಡ್ತಾರೇನು?"

ಆ ಮಾತು ಕೇಳಲು ಚೆನ್ನಾಗಿತ್ತು. ಗಿರಣಿ ಬಾಗಿಲಲ್ಲಿ ಇಂಥ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಒಂದು ತಾಸು ಇಂಥವೇ ಮಾತಾಡಿದೆ. ಸಾಕಾಗಿ ಆ ಸಾಧು ಮನುಷ್ಯ ಟ್ರಂಕಿನಿಂದ ಮೊದಲನೇ ದೊಡ್ಡ ಹಾಳೆ ತಂದರು. ಆಕಾರ ಬಿಟ್ಟರು, ಜಾಲಿ ಬಿಟ್ಟರು, ಹಾಳೆಯನ್ನು ತಟ್ಟೆಯ ದ್ರಾವಣಕ್ಕೆ ಇಳಿಸಿದರು.

ಮೊದಲು ಮೂಗು ಕಂಡಿತು. ಆಮೇಲೆ ನಾನು ಪೂರ್ತಿ ಕಂಡೆ, ಕೆಂಡ ಆರಿದ ಇದ್ದಿಲಿನ ಹಾಗೆ, ಒಳಗೆ ಒಂದು ಎಲೆಯೂ ಇಲ್ಲ. ಜಾಲಿಯೆಲ್ಲ ನನ್ನ ಸುತ್ತ, ಬಿಳಿ ಇರಬೇಕಾದ ಜಾಗದಲ್ಲಿ, ಬೇಲಿ ಕಟ್ಟಿದಂತೆ ನಿಂತಿತ್ತು.

ರೌಫ್ ಸಾಹೇಬರು ದೀಪ ಹಾಕಿ, ಸ್ಟೂಲಿನ ಮೇಲೆ ಕೂತರು. "ಕಾಗದಕ್ಕೆ ಬೆಳಕು ಬಿದ್ದಷ್ಟೂ ಕಪ್ಪು, ಕೆಂಚಣ್ಣ. ನೀನು ಮೊದ್ಲೇ ಪೂರಾ ಕಪ್ಪಾಗಿದ್ದಿ. ಕಪ್ಪಿನ ಮ್ಯಾಲೆ ಏನು ಬಿಟ್ರೂ ಕಪ್ಪಾ. ಇಪ್ಪತ್ತೆರಡು ವರ್ಷ ಇದೇ ಕೆಲ್ಸ ಮಾಡೀನಿ. ನಿನ್ನ ಮಾತು ಹೆಂಗ ಕೇಳಿದ್ನೋ ಏನೋ."

ಬೈದಿದ್ದರೆ ಚೆನ್ನಾಗಿತ್ತು, ಲಾಠಿ ತಿಂದವನಿಗೆ ಬೈಗುಳ ಯಾವ ಲೆಕ್ಕ. ಅವರು ಬೈಯಲಿಲ್ಲ. ಹೊರಗಿನಿಂದ ರಹಮತ್ ಬೀ, "ಬೇಲಿ ಒಳಗೆ ಕಟ್ಟಿಹಾಕೀರಲ್ಲ, ಇನ್ನ ಅಲ್ಲೇ ಇರ್ಲಿ ಬಿಡ್ರಿ" ಎಂದರು.

ಮರುದಿನ ನಾನು ಹೋಗಬಾರದಿತ್ತು, ಹೋದೆ. ರೌಫ್ ಸಾಹೇಬರು ಕಿಟಕಿಯ ಹತ್ತಿರ ನಿಂತು ಎರಡೂ ನೆಗೆಟಿವ್‌ಗಳನ್ನು ಕೈಯಲ್ಲಿ ಹಿಡಿದಿದ್ದರು. ನನ್ನ ತಪ್ಪನ್ನು ತೋರಿಸಿಕೊಡಲು ಒಂದನ್ನು ಎತ್ತಿ ಹಿಡಿದರು. ಚಾದರದ ಜಾಗ ಗಟ್ಟಿ ಕಪ್ಪು, ನನ್ನ ಆಕಾರ ಗಾಜಿನಂತೆ ಖಾಲಿ. ಇನ್ನೊಂದನ್ನು ಅದರ ಮೇಲೆ ಎಳೆದರು. ಎಳೆದವರು ಹಾಗೇ ನಿಂತುಬಿಟ್ಟರು.

"ಇಲ್ಲಿ ನೋಡೋ."

ನೋಡಿದೆ. ಆಕಾರದ ಒಳಗಷ್ಟೇ ಜಾಲಿ ಕಾಣುತ್ತಿತ್ತು. ಹೊರಗಿನ ಕಪ್ಪು ಬೆಳಕನ್ನು ಬಿಡುತ್ತಲೇ ಇರಲಿಲ್ಲ. ಎರಡನ್ನೂ ಒಂದರ ಮೇಲೊಂದು ಕೂಡಿಸಿ ಒಂದೇ ಸಲ ಬೆಳಕು ಬಿಟ್ಟರೆ ಮುಗಿಯಿತು. ಬೆಳಕು ದಾಟದ ಜಾಗದಲ್ಲಿ ಕಾಗದ ಬಿಳಿಯಾಗೇ ಉಳಿಯುತ್ತದೆ, ಆಕಾರದಲ್ಲಿ ಮಾತ್ರ ಕಾಡು ಮೂಡುತ್ತದೆ.

"ನಾನು ಹೇಳಿದ್ದೂ ಎರಡು ಸೇರಿಸ್ರಿ ಅಂತ್ಲೇ ಅಲ್ವೇನ್ರಿ" ಎಂದೆ. ರಹಮತ್ ಬೀ ಅವರ ಕೈಯಲ್ಲಿದ್ದ ಪೊರಕೆಯನ್ನು ನೋಡಿ ಹಿಂದೆ ಸರಿದೆ.

ಈ ಸಲ ಅವರು ಚೂರಿನ ಮೇಲೆಯೇ ನೋಡಿದರು. ಎರಡು ನೆಗೆಟಿವ್‌ಗಳ, ಬೆಳಕು ಹಿಡಿಯುವ ಮಸಾಲೆ ಬಳಿದ ಬದಿಗಳನ್ನು ಮುಖಾಮುಖಿ ಒತ್ತಿಟ್ಟರು, ನಡುವೆ ಧೂಳು ಕೂರದಂತೆ ಊದಿದರು. ಒಂದಕ್ಕೆ ಎಂಟು ಸೆಕೆಂಡಿನ ಬೆಳಕು ಸಾಕಾಗುವಲ್ಲಿ ಎರಡಕ್ಕೆ ಇಪ್ಪತ್ತಕ್ಕೂ ಹೆಚ್ಚು ಬೇಕಾಯಿತು. ಚಾದರದ ಮಡಿಕೆಗಳಿದ್ದ ಕಡೆ ಬೂದು ಗೆರೆ ಬಂತು. ಅದಕ್ಕೆ ನೆಗೆಟಿವ್ ಮೇಲೆ, ನನ್ನ ಆಕಾರದ ಅಂಚಿನ ಹೊರಗೆ, ಬೆಳಕು ದಾಟದ ಕೆಂಪು ಬಣ್ಣವನ್ನು ಮೂರು ಕೂದಲಿನ ಕುಂಚದಿಂದ ಬಳಿಯುತ್ತ ಕೂತರು. ಅರ್ಧ ದಿನ ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಹಣೆ, ಹುಬ್ಬು ದಾಟಿ ಮೂಗಿಗೆ ಬಂದಾಗ ಕುಂಚ ಎತ್ತಿದರು.

"ಹೆಂಗೂ ಬಣ್ಣ ಹಚ್ಚಾಕತ್ತೀನಿ. ಒಂದಿಷ್ಟು ಕಮ್ಮಿ ಮಾಡ್ಲೇನು?"

"ಇದ್ದಷ್ಟು ಇರ್ಲಿ ಬಿಡ್ರಿ."

"ಅದೂ ಖರೆ. ಅದಕ್ಕಾ ನಿನ್ನ ಕರ್ದಿದ್ದು."

ಎರಡನೇ ದೊಡ್ಡ ಹಾಳೆಯನ್ನು ಟ್ರಂಕಿನಿಂದ ರಹಮತ್ ಬೀ ತಾವೇ ತಂದು ಗಂಡನ ಕೈಗೆ ಕೊಟ್ಟರು. ನನ್ನನ್ನು ಕತ್ತಲೆಕೋಣೆಯಿಂದ ಹೊರಗೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ನಾನು ಹಂಸದ ಪರದೆಯ ಮುಂದೆ ನಿಂತು ಕಾದೆ. ಹೋರಾಟ ಅಂದರೆ ಏನೆಂದು ಊರಿಗೆಲ್ಲ ಹೇಳಿಕೊಡುತ್ತಿದ್ದವನು ಆ ಅರ್ಧ ತಾಸಿನಲ್ಲಿ ದಾರದ ಬಾಚಣಿಗೆಯಿಂದ ಮೂರು ಸಲ ತಲೆ ಬಾಚಿಕೊಂಡೆ. ಒಳಗೆ ನೀರಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಬಾಗಿಲು ತೆರೆದಾಗ ರೌಫ್ ಸಾಹೇಬರು ಹಾಳೆಯ ಎರಡು ಮೂಲೆ ಹಿಡಿದು ನಿಂತಿದ್ದರು. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಿಳಿಯ ನಡುವೆ ನನ್ನ ತಲೆ. ತಲೆಯ ತುಂಬ ಜಾಲಿ. ಹಣೆಯಲ್ಲಿ ಕೊಂಬೆ, ಕಿವಿಯ ಜಾಗದಲ್ಲಿ ಎಲೆಯ ಗೊಂಚಲು, ಬಾಯಿಯ ಸುತ್ತ ಬೆಳ್ಳನೆಯ ಮುಳ್ಳು.

ರಹಮತ್ ಬೀ ಹತ್ತಿರ ಬಂದು ನೋಡಿದರು. "ಬಾಯಿಗೆ ಮುಳ್ಳು ನೀವೇ ಇಟ್ರೇನು, ತಾನಾಗೇ ಬಂತೇನು?" ಎಂದು ಗಂಡನನ್ನು ಕೇಳಿದರು.

"ತಾನಾಗೇ" ಎಂದರು ರೌಫ್ ಸಾಹೇಬರು. ನಾನು ಅವರು ನಕ್ಕಿದ್ದನ್ನು ಮೊದಲ ಸಲ ನೋಡಿದ್ದು ಆಗ.

ಅರ್ಜಿಯಲ್ಲಿ ಚಿತ್ರಕ್ಕೆ ಹೆಸರು ಬರೆಯಬೇಕಿತ್ತು. 'ನಾಳಿನ ನಾಯಕ' ಎಂದು ನಾನು ಸೂಚಿಸಿದೆ. ಅವರು 'ಜಾಲಿ' ಎಂದು ಬರೆದು, ಎರಡು ಪ್ಲೈವುಡ್ ಹಲಗೆಗಳ ನಡುವೆ ಕಟ್ಟಿ ಅಂಚೆಗೆ ಹಾಕಿದರು.

ಬಹುಮಾನ ಬರಲಿಲ್ಲ. ಆದರೆ ಚಿತ್ರ ಆಯ್ಕೆಯಾಗಿದೆ, ಗೋಡೆಯ ಮೇಲೆ ತೂಗುಹಾಕಿದ್ದೇವೆ, ಬಂದು ನೋಡಿ ಎಂದು ಕಾರ್ಡು ಬಂತು. ಮೈಸೂರಿಗೆ ಹೊರಡಬೇಕೆಂದಿದ್ದ ದಿನ ಹದಡಿಯಲ್ಲಿ ವಾಮದೇವಪ್ಪ ಎಂಬ ಸಾಹುಕಾರರು ತೀರಿಕೊಂಡರು. ರೌಫ್ ಸಾಹೇಬರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಸೈಕಲ್ ಹತ್ತಿದರು. ಹೋಗಿ ನೋಡಿಕೊಂಡು ಬಾ ಎಂದು ನನಗೆ ಹೇಳಿದರು. ಪೊಲೀಸರು ನನ್ನನ್ನು ಆ ವಾರ ಗಿರಣಿ ಬಾಗಿಲಲ್ಲಿ ಹಿಡಿದು ಒಳಗೆ ಹಾಕಿದರು. ಹೀಗಾಗಿ ಆ ಚಿತ್ರವನ್ನು ಗೋಡೆಯ ಮೇಲೆ ನಮ್ಮ ಕಡೆಯವರು ಒಬ್ಬರೂ ನೋಡಲಿಲ್ಲ.

ಎರಡು ತಿಂಗಳಿಗೆ ಅದು ಅವೇ ಹಲಗೆಗಳ ನಡುವೆ ವಾಪಸ್ಸು ಬಂತು. ಹಿಂಬದಿಯಲ್ಲಿ ನೇರಳೆ ಬಣ್ಣದ ಗುಂಡು ಮುದ್ರೆ: ಪ್ರದರ್ಶನದ ಹೆಸರು, ವರ್ಷ, ಅದರ ಕೆಳಗೆ ಕೈಬರಹದಲ್ಲಿ 'ಅಬ್ದುಲ್ ರೌಫ್, ದಾವಣಗೆರೆ'. ಸ್ಟುಡಿಯೋದ ಮುಂದಿನ ಕೋಣೆಯಲ್ಲಿ, ಬಾಗಿಲ ಎದುರಿಗೇ, ಗಾಜು ಹಾಕಿಸಿ ತೂಗುಹಾಕಿದರು. ಬಿಡುಗಡೆಯಾದ ದಿನವೇ ಓಡಿಹೋದೆ. ಚೌಕಟ್ಟಿನಲ್ಲಿ ಬಿಳಿ ಹಾಳೆ, ನಡುವೆ ನೇರಳೆ ಮುದ್ರೆ, ಕೆಳಗೆ ಅವರ ಹೆಸರು. ನನ್ನ ತಲೆ ಗೋಡೆಯ ಕಡೆಗಿತ್ತು.

"ಸಾಹೇಬ್ರ, ತಿರುವಿ ಹಾಕೀರಲ್ರಿ!"

"ಚಿತ್ರ ನಾನು ನೋಡೀನಿ" ಎಂದರು ಅವರು, ಕನ್ನಡಿ ಒರೆಸುತ್ತ. "ಬಂದೋರು ಇದನ್ನ ನೋಡ್ಲಿ."