ಬೈತಲೆಗೆ ಬರೆದುಕೊಟ್ಟ ಔಷಧಿ

ಇಪ್ಪತ್ತಾರನೆಯ ವಯಸ್ಸಿಗೆ ನನ್ನ ಬೈತಲೆ ಅಗಲವಾಗತೊಡಗಿತು. ಹಾರೂಗೇರಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಕ್ಕಳಿಗೆ ನೆತ್ತಿ ಕಂಡೀತೆಂದು ಬೋರ್ಡಿನ ಮುಂದೆ ಓರೆಯಾಗಿ ನಿಂತು ಬರೆಯುತ್ತಿದ್ದೆ. ಎರಡು ವರ್ಷ ಈರುಳ್ಳಿ ಎಣ್ಣೆ, ಬಯೋಟಿನ್ ಎಂಬ ವಿಟಮಿನ್ ಗುಳಿಗೆ, ಬಣ್ಣಬಣ್ಣದ ಶಾಂಪೂ ಎಲ್ಲ ತಂದೆ. ಉದುರುವುದು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಚಿಕ್ಕೋಡಿಯ ಚರ್ಮದ ಡಾಕ್ಟರರ ಹತ್ತಿರ ಹೋದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ, ಥೈರಾಯ್ಡ್ ಎರಡೂ ಸರಿಯಿದ್ದವು. ಇದು ಮನೆತನದಲ್ಲಿ ಇಳಿದು ಬರುವ ತೊಂದರೆ, ಬಯೋಟಿನ್ ಅದರ ಕೊರತೆ ಇದ್ದವರಿಗಷ್ಟೇ ಉಪಯೋಗ ಎಂದರು. ಮಿನಾಕ್ಸಿಡಿಲ್ ಎಂಬ ನೀರಿನಂಥ ಔಷಧಿ ಬರೆದುಕೊಟ್ಟರು. ಒಣಗಿದ ನೆತ್ತಿಗೆ ದಿನಾ ಹಚ್ಚಬೇಕು, ಮೊದಮೊದಲು ಇನ್ನೂ ಹೆಚ್ಚು ಉದುರಬಹುದು, ಹೆದರಿ ಬಿಡಬಾರದು, ಗುಣ ಕಾಣಲು ನಾಲ್ಕಾರು ತಿಂಗಳು ಬೇಕು ಎಂದೂ ಹೇಳಿದರು.

ಔಷಧಿ ಅಂಗಡಿಯವನು ಚೀಟಿ ನೋಡಿ ಮೂಗು ಮುರಿದ.

“ಅದು ಬರೇ ಕೆಮಿಕಲ್ ಐತ್ರಿ ಮೇಡಂ. ಈ ಶಾಂಪೂ ಒಯ್ರಿ, ನ್ಯಾಚುರಲ್ ಐತಿ. ಭಾಳ ಮಂದಿ ಒಯ್ಯಾಕತ್ತಾರ.”

ಶಾಂಪೂ ಬಾಟಲಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಕೂದಲುದುರುವಿಕೆಗೆ ತಡೆ ಎಂದಿತ್ತು, ಪಕ್ಕದಲ್ಲೊಂದು ನಕ್ಷತ್ರದ ಗುರುತು. ಬಾಟಲಿ ತಿರುಗಿಸಿದೆ. ಹಿಂದೆ ಅದೇ ಗುರುತಿನ ಪಕ್ಕ ಇರುವೆಯಂಥ ಅಕ್ಷರದಲ್ಲಿ, ತುಂಡಾಗಿ ಉದುರುವ ಕೂದಲಿಗೆ ಮಾತ್ರ ಎಂದಿತ್ತು. ನನಗೆ ಮೈಯೆಲ್ಲ ಉರಿಯಿತು. ಹೆಗಲ ಮೇಲೆ ಬಿದ್ದಿದ್ದ ಕೂದಲೊಂದನ್ನು ಎತ್ತಿ ಅವನ ಮುಖಕ್ಕೆ ಹಿಡಿದೆ. ಅದರ ತುದಿಯಲ್ಲಿ ಬಿಳಿ ಗಂಟಿತ್ತು.

“ಇದು ತುಂಡಾಗಿಲ್ರಿ, ಬೇರಿನಿಂದ ಬಂದೈತಿ. ಇದಕ್ಕೇನ್ ಮಾಡ್ತೈತ್ರಿ ನಿಮ್ಮ ಶಾಂಪೂ?”

“ಡಾಕ್ಟರ್ ಟೆಸ್ಟ್ ಮಾಡ್ಯಾರಂತ ಬರದೈತಲ್ರಿ.”

“ಏನ್ ಟೆಸ್ಟ್ ಮಾಡ್ಯಾರ? ತಲಿ ಉರೀತೈತೇನಂತ ನೋಡಿದ್ರೂ ಹಂಗ ಬರೀಬಹುದು. ಕೂದಲ ಬಂದಾವಂತ ಎಲ್ಲಿ ಬರದೈತಿ, ತೋರಸ್ರಿ!”

ಅವನು ಶಾಂಪೂವನ್ನು ಸಾಲಿಗೆ ಮರಳಿಸಿದ. ಸಿಡುಕುತ್ತ ಚೀಟಿಯ ಔಷಧಿ ಕೊಟ್ಟ.

ಎಂಟು ದಿನವೂ ಆಗಿರಲಿಲ್ಲ, ಔಷಧಿಯ ಬಾಟಲಿ ಖಾಲಿ. ಅವ್ವ ಅದನ್ನು ಕೊಬ್ಬರಿ ಎಣ್ಣೆಯ ಡಬ್ಬಿಗೆ ಸುರಿದಿದ್ದಳು. ಅದು ಎಣ್ಣೆಯೊಂದಿಗೆ ಬೆರೆಯದೆ ಬೇರೆಯಾಗಿ ನಿಂತಿತ್ತು. ನಾನು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. “ತಿಳೀಲಿಲ್ಲಂದ್ರ ಕೇಳಬೇಕಿಲ್ಲೇನು? ಇದೇನ್ ಎಣ್ಣಿ ಅಂತ ತಿಳಕೊಂಡಿ?”

ಅವ್ವ ಸೆರಗು ಸರಿಸಿದಳು. ನೆತ್ತಿ ಅಂಗೈಯಷ್ಟು ಬಯಲಾಗಿತ್ತು. ಸದಾ ತಲೆಯ ಮೇಲೆ ಸೆರಗು ಇರುತ್ತಿದ್ದರಿಂದ ನಾನು ನೋಡಿಯೇ ಇರಲಿಲ್ಲ.

“ನೀ ತಂದಿದ್ದ ಎಣ್ಣಿ ಎಲ್ಲಾ ಹಿಂಗ ಕೂಡಿಸಿ ಹಚ್ಚಿಕೊಂಡೀನಿ ಯವ್ವಾ, ಎರಡ ವರ್ಷ. ಒಂದಾರ ನನಗ ಹತ್ತೀತಂತ.”

ಸಿಟ್ಟು ಇಳಿಯಲಿಲ್ಲ, ಅವ್ವನನ್ನು ಬಿಟ್ಟು ಆ ಬಾಟಲಿಗಳ ಕಡೆಗೂ ನನ್ನ ಕಡೆಗೂ ತಿರುಗಿತು. ಆ ಸುಳ್ಳುಗಳನ್ನು ಕೊಂಡು ತಂದು ಅವ್ವನ ನೆತ್ತಿಗೂ ಮುಟ್ಟಿಸಿದವಳು ನಾನೇ.

ಶನಿವಾರ ಅವ್ವನನ್ನು ಅದೇ ಡಾಕ್ಟರರಿಗೆ ತೋರಿಸಿ, ಎರಡು ಚೀಟಿ ಹಿಡಿದು ಅದೇ ಅಂಗಡಿಗೆ ಹೋದೆ. ಅವ್ವನನ್ನು ಕಂಡದ್ದೇ ಅವನ ಕೈ ಶಾಂಪೂವಿನ ಸಾಲಿನತ್ತ ಹೋಯಿತು.

“ಕೈ ತಗೀರಿ, ಚೀಟ್ಯಾಗ ಇದ್ದದ್ದಷ್ಟ ಕೊಡ್ರಿ,” ಎಂದೆ. “ಈಕಿ ನಮ್ಮವ್ವ.”