ಗುರುವಾರದ ಬಸ್ಸಾರಿಗೆ ಹೊಸ ಮಾತು

ಕೋಲಾರದ ನಮ್ಮ ಸಣ್ಣ ಹೋಟೆಲಿನಲ್ಲಿ ಅಡುಗೆ ಅತ್ತಿಗೆಯದು. ಬೆಳಗ್ಗೆ ಹತ್ತಕ್ಕೆ ಅಂದಿನ ಸ್ಪೆಷಲ್ಲಿನ ಫೋಟೊ, ಜೊತೆಗೊಂದು ಸಾಲು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ನನ್ನ ಕೆಲಸ. ಗುರುವಾರವೆಂದರೆ ಮುದ್ದೆ, ಬಸ್ಸಾರು. ವಾರ ವಾರವೂ ಅದೇ ಬಸ್ಸಾರಿಗೆ ಹೊಸ ಮಾತು ಎಲ್ಲಿಂದ ತರುವುದು? ‘ಬಿಸಿಬಿಸಿ’, ‘ಬಾಯಲ್ಲಿ ನೀರೂರಿಸುವ’, ‘ಅಮ್ಮನ ಕೈರುಚಿ’ ಎಲ್ಲವೂ ಸವೆದಿದ್ದವು. ದಿನವೂ ಬರುವ ವಕೀಲರೊಬ್ಬರು, “ಹೋದ್ ವಾರದ ಮಾತೇ ಹಾಕಿದ್ದೀರಲ್ಲಮ್ಮ, ಸಾರೂ ಹೋದ್ ವಾರದ್ದೇನಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ಬರೆದ ಸಾಲುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಇಳಿಸಿಡತೊಡಗಿದೆ. ಒಮ್ಮೆ ಬಳಸಿದ ಪದವನ್ನು ಎರಡು ತಿಂಗಳು ಮುಟ್ಟಬಾರದು. ಆಮೇಲೆ ಸ್ನಾನ ಮಾಡುವಾಗಲೂ ಪದ ಹುಡುಕುವುದೇ ಆಯಿತು.

ಒಂದು ಗುರುವಾರ ಅತ್ತಿಗೆ ಸೊಪ್ಪು ಬಸಿಯುತ್ತಾ, “ಎಳೇ ಸೊಪ್ಪು ಕಣೇ, ಮಾತಾಡೋಷ್ಟ್ರಲ್ಲಿ ಬೆಂದೋಯ್ತು” ಅಂದರು. ಅದನ್ನೇ ಹಾಕಿದೆ. ವಕೀಲರು ಇನ್ನಿಬ್ಬರನ್ನು ಕರೆತಂದರು. ನಾಲ್ಕು ವಾರ ಅತ್ತಿಗೆಯ ಮಾತೇ ನನ್ನನ್ನು ಕಾಪಾಡಿತು.

ಅಷ್ಟರಲ್ಲಿ ಯಾರೋ ಅತ್ತಿಗೆಗೇ ಆ ಸ್ಟೇಟಸ್ ತೋರಿಸಿಬಿಟ್ಟರು. ಮುಂದಿನ ಗುರುವಾರ ಅತ್ತಿಗೆ ಸೆರಗು ಸರಿಮಾಡಿಕೊಂಡು, “ಬರ್ಕೋ, ಸ್ವಾದಿಷ್ಟವಾದ, ಪೌಷ್ಟಿಕವಾದ ಬಸ್ಸಾರು!” ಎಂದರು. ಎರಡೂ ಪದ ನೋಟ್‌ಬುಕ್ಕಿನಲ್ಲಿದ್ದವು. ಹತ್ತಾಗಲು ಐದು ನಿಮಿಷ.

ತೋಚಿದ್ದನ್ನು ಕೇಳಿಬಿಟ್ಟೆ: “ಯಾಕತ್ತಿಗೆ, ಇವತ್ತು ಬೇಳೆನೇ ಹಾಕಿಲ್ವಾ?”

ಅತ್ತಿಗೆ ಸೌಟು ಕೆಳಗಿಟ್ಟರು. “ಕಣ್ಣಿಲ್ವೇನೇ ನಿಂಗೆ? ಹಸಿ ಅವರೆಕಾಳು ಬಂದಿರೋವಾಗ ಬೇಳೆ ಯಾರ್ ಮುಟ್ತಾರೆ!”

ಅವರು ಬೈಯುತ್ತಲೇ ಇದ್ದರು, ನಾನು ಟೈಪ್ ಮಾಡುತ್ತಿದ್ದೆ.